ಬಳೆ ಬಂಗಾರದ್ದೇ ಎಂದು ನೋಡಿದ ದಿನ

ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನಮ್ಮ ಮನೆ. ಗಂಡ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುತ್ತಾರೆ. ಮೇಲಿನ ಎರಡು ಕೋಣೆಗಳಲ್ಲಿ ಆ ಯಾತ್ರಿಕರು ಉಳಿಯುತ್ತಾರೆ, ಅಡುಗೆ ನನ್ನದು. ಗಂಗೆಗೆ ಇಳಿಯುವ ಮುಂಚೆ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಅದೊಂದು ಕೆಲಸವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಬಾಗಲಕೋಟೆ ಕಡೆಯ ಆ ತಾಯಿ ಬರುವ ತನಕ.

ಆಕೆ ಬಂದದ್ದು ತೀರಿಕೊಂಡ ಗಂಡನ ಕರ್ಮಕ್ಕೆ. ಜೊತೆಗೆ ಮಗ, ಊರಿನಲ್ಲಿ ಔಷಧಿ ಅಂಗಡಿ ಇಟ್ಟವನು. ಬೆಳಿಗ್ಗೆ ಸ್ನಾನಕ್ಕೆ ಹೊರಟಾಗ ಆಕೆಯ ಎರಡೂ ಕೈಯಲ್ಲಿ ಎರಡೆರಡು ಬಳೆ. ಎಷ್ಟೋ ವರ್ಷಗಳಿಂದ ತೆಗೆದಿರದ ಬಳೆಗಳು. ನಾನೇ ಬಚ್ಚಲಿಗೆ ಕರೆದುಕೊಂಡು ಹೋಗಿ ಮಣಿಕಟ್ಟಿಗೆ ಸೋಪು ಹಚ್ಚಿ, ತಿರುಗಿಸಿ ತಿರುಗಿಸಿ ಒಂದೊಂದಾಗಿ ಹೊರಗೆ ತೆಗೆದೆ. ಕರವಸ್ತ್ರದಲ್ಲಿ ಕಟ್ಟಿ ದೇವರ ಮನೆಯ ಕಪಾಟಿನಲ್ಲಿಟ್ಟು ಅಡುಗೆಗೆ ಹೋದೆ.

ವಾಪಸು ಬಂದು ಗಂಟು ಬಿಚ್ಚಿದ ಆಕೆ ಕಿಟಕಿಯ ಬೆಳಕಿಗೆ ಒಂದು ಬಳೆಯನ್ನು ಹಿಡಿದು ನೋಡುತ್ತ ನಿಂತುಬಿಟ್ಟರು.

"ಯಾಕ್ರೀ ಅವ್ವಾರ?"

"ತಂಗಿ, ಇದರ ಒಳಮೈ ನೋಡವಾ. ಕೆಂಪ್ ಕಾಣಸ್ತತಿ."

ಹೌದು. ಹೊರಗೆಲ್ಲ ಹಳದಿ. ಒಳಗಡೆ, ಕೈಗೆ ಉಜ್ಜುವ ಅಂಚಿನಲ್ಲಿ ಮಾತ್ರ ಬಣ್ಣ ಸವೆದು ಹಳೆ ತಾಮ್ರದ ಚೊಂಬಿನ ಹಾಗೆ ಕೆಂಪು. ನಾಲ್ಕರಲ್ಲೂ ಹಾಗೆಯೇ. ಮಗ ಬಂದು ನೋಡಿದ. ಅವನು ನನ್ನ ಮುಖ ನೋಡಲಿಲ್ಲ, ಗೋಡೆಯ ಕಡೆ ತಿರುಗಿ ಹೇಳಿದ: "ಸ್ನಾನಕ್ಕ ಹೋಗೂ ಮುಂದ ಬಂಗಾರ ಇತ್ತಲ್ರೀ ಅಕ್ಕಾರ."

ಗಂಡ ಇನ್ನೂ ಘಾಟಿನಲ್ಲಿದ್ದರು. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ನಡುಮನೆಯಲ್ಲಿ ಅತ್ತ ಇತ್ತ ಓಡಾಡಿದೆ. ಕಾಲೇಜಿಗೆ ಹೊರಟಿದ್ದ ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಅರ್ಧ ಮಾತು ಹಿಂದಿ.

"ಅಮ್ಮ, ಘಬರಾಬೇಡ. ಮನೇಲೇ ಚೆಕ್ ಮಾಡಬಹುದು."

ಹಳೆಯ ಸ್ಪೀಕರಿನಿಂದ ತೆಗೆದ ಆಯಸ್ಕಾಂತ ಅವಳ ಬಳಿ ಇತ್ತು. ಬಳೆಗೆ ಹಿಡಿದಳು. ಎಳೆಯಲಿಲ್ಲ. ಆ ತಾಯಿ ನಿಟ್ಟುಸಿರು ಬಿಟ್ಟು, "ಹಂಗಾರ ಬಂಗಾರನ ಐತಿ" ಎಂದರು. ನನಗೂ ಹಾಗೆ ನಂಬಲು ಆಸೆ. ಆದರೆ ಮಗಳು ಅದೇ ಆಯಸ್ಕಾಂತವನ್ನು ದೇವರ ಮುಂದಿನ ತಾಮ್ರದ ಚೊಂಬಿಗೆ, ಹಿತ್ತಾಳೆ ದೀಪಕ್ಕೆ ಹಿಡಿದು ತೋರಿಸಿದಳು. ಅವೂ ಅಂಟಲಿಲ್ಲ.

"ಅಂಟಿದ್ರೆ ಒಳಗೆ ಕಬ್ಬಿಣ ಇದೆ ಅಂತ ಗೊತ್ತಾಗುತ್ತೆ ಅಜ್ಜಿ. ಅಂಟದಿದ್ರೆ ಕುಛ್ ಭೀ ಹೇಳಕ್ಕಾಗಲ್ಲ."

ಮನಸ್ಸು ತಡೆಯದೆ ನನ್ನ ಕತ್ತಿನ ಸರವನ್ನೂ ಎಳೆದು ಆಯಸ್ಕಾಂತದ ಹತ್ತಿರ ತಂದೆ. ಕೊಂಡಿ ಟಕ್ಕೆಂದು ಅಂಟಿತು. "ನಂದೂ ನಕಲಿನಾ?" ಎಂದೆ. ಮಗಳು ನಕ್ಕಳು. ಕೊಂಡಿಯೊಳಗೆ ಉಕ್ಕಿನ ಪುಟ್ಟ ಸ್ಪ್ರಿಂಗ್ ಇರುತ್ತದಂತೆ, ಅಸಲಿ ಸರಕ್ಕೂ ಇರುತ್ತದಂತೆ. ಸರದ ಉಳಿದ ಭಾಗ ಅಲ್ಲಾಡಲಿಲ್ಲ.

ಆಮೇಲೆ ವಿನೆಗರ್. ಹತ್ತಿಯಲ್ಲಿ ಅದ್ದಿ ಒಂದು ಬಳೆಯ ಹೊರಮೈಗೆ, ಇನ್ನೊಂದು ಹತ್ತಿಯನ್ನು ಒಳಗಿನ ಕೆಂಪು ಅಂಚಿಗೆ ಒತ್ತಿ ಬಿಟ್ಟಳು. ಒಲೆಯ ಮೇಲಿನ ಸಾರು ಉಕ್ಕಿದ ಶಬ್ದಕ್ಕೆ ನಾನು ಎದ್ದು ಹೋಗಿ ಬಂದೆ. ಹೊರಗಿನ ಹತ್ತಿ ಬೆಳ್ಳಗೇ ಇತ್ತು, ಒಳಗಿನದಕ್ಕೆ ತಿಳಿ ಹಸಿರು ಹತ್ತಿತ್ತು. ಮಗ ಕೂಡಲೇ, "ತಾಮ್ರ!" ಎಂದ.

"ಇರಿ ಭೈಯಾ. ಅಜ್ಜಿ ತಾಮ್ರದ ಪಾತ್ರೆ ತಿಕ್ಕಿ ತಿಕ್ಕಿ ಅದರ ಕಿಲುಬು ಸಂದಿಯಲ್ಲಿ ಕೂತಿದ್ರೂ ಹೀಗಾಗಬಹುದು. ಹೊರಗೆ ಬಣ್ಣ ಬದಲಾಗಲಿಲ್ಲ ಅಂತ ಖುಷಿಪಡೋ ಹಾಗೂ ಇಲ್ಲ, ಮೇಲೆ ಚಿನ್ನದ ನೀರು ಕೊಟ್ಟಿದ್ರೆ ವಿನೆಗರ್ ನೋಡೋದು ಆ ನೀರನ್ನೇ."

ಆ ತಾಯಿ ತಮ್ಮ ಮಣಿಕಟ್ಟು ತೋರಿಸಿದರು. ಬಳೆ ಇದ್ದ ಜಾಗದಲ್ಲಿ ಹಸಿರುಗಪ್ಪು ಪಟ್ಟೆ. ಅಸಲಿ ಚಿನ್ನದಲ್ಲೂ ಸ್ವಲ್ಪ ತಾಮ್ರ ಬೆರೆಸುತ್ತಾರೆ, ಬೆವರಿಗೆ ಕೆಲವರ ಚರ್ಮ ಕಪ್ಪಾಗುವುದುಂಟು ಎಂದು ನಾನೇ ಹೇಳಿದೆ. ಯಾರ ಪರವಾಗಿ ಮಾತಾಡುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ. ಬಳೆ ಬಂಗಾರವಾದರೆ ನಾನು ಪಾರು, ಅಲ್ಲವಾದರೆ ಕಳ್ಳಿ.

ಬಳೆಯೊಳಗೆ ಇಪ್ಪತ್ತೆರಡು ಕ್ಯಾರೆಟ್ಟಿನ ಗುರುತಾದ ೯೧೬ ಎಂದು ಒತ್ತಿದ್ದನ್ನು ಮಗ ತೋರಿಸಿದ. ನನ್ನ ಬಳೆಗಳಲ್ಲಿ ಆ ಸಂಖ್ಯೆಯ ಪಕ್ಕ ತ್ರಿಕೋನದ ಗುರುತು, ಅಕ್ಷರ ಅಂಕಿ ಸೇರಿ ಆರು ಗುರುತಿನ ಹಾಲ್‌ಮಾರ್ಕ್ ಕೋಡ್ ಇದ್ದವು. ಮಗಳು ಸರಕಾರಿ ಆ್ಯಪಿನಲ್ಲಿ ಹಾಕಿದಾಗ ವಿವರ ಬಂತು. ಅವರದರಲ್ಲಿ ಬರಿಯ ಅಂಕಿ. ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಕೋಡ್ ಇಲ್ಲದ ಮಾತ್ರಕ್ಕೆ ನಕಲಿ ಎನ್ನುವಂತೆಯೂ ಇಲ್ಲ, ಹಳೆಯ ಒಡವೆಗಳಿಗೆ ಅದು ಎಲ್ಲಿಂದ ಬರಬೇಕು?

ಕೊನೆಗೆ ಅಡುಗೆಮನೆಯ ತಕ್ಕಡಿ ಬಂತು. ಗ್ರಾಮಿಗಿಂತ ಕಡಿಮೆ ತೋರಿಸದ ತಕ್ಕಡಿ. ಒಂದೊಂದೇ ಬಳೆ ತೂಗಿದರೆ ಎಡವಟ್ಟಾಗುತ್ತದೆಂದು ನಾಲ್ಕನ್ನೂ ಒಟ್ಟಿಗೆ ಇಟ್ಟಳು. ಐವತ್ತು ಗ್ರಾಂ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಬಳೆಗಳನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ ಹಿಡಿದಳು. ಆರು ಎಂದು ತೋರಿಸಿತು. ಅಂದರೆ ಆರು ಗ್ರಾಂ ನೀರಿನ ಜಾಗ ಹಿಡಿದಿದ್ದವು. ಇಪ್ಪತ್ತೆರಡು ಕ್ಯಾರೆಟ್ಟಿನ ಗಟ್ಟಿ ಬಂಗಾರವಾಗಿದ್ದರೆ ಮೂರರ ಆಸುಪಾಸು ಬರಬೇಕಿತ್ತು. ನನ್ನ ಎರಡು ಬಳೆ ಮೂವತ್ತು ಗ್ರಾಂ ತೂಗಿ, ನೀರಿನಲ್ಲಿ ಎರಡು ತೋರಿಸಿದವು.

"ಒಳಗೆ ಟೊಳ್ಳಾ? ಅರಗು ತುಂಬಿದಾರಾ?" ಮಗಳು ಕೇಳಿದಳು.

"ಗಟ್ಟಿ ಬಳಿ ಅಂತ ನಮ್ಮವರು ಮಾಡಿಸಿದ್ರವಾ."

ಟೊಳ್ಳಿದ್ದರೆ ಅಸಲಿ ಬಂಗಾರವೂ ಹಗುರ ತೋರಿಸುತ್ತದೆ. ಹಾಗಾಗಿ ತಕ್ಕಡಿಯೂ ಕೊನೆಯ ಮಾತು ಹೇಳಲಿಲ್ಲ. ಮಗ ಮಾತ್ರ ತೀರ್ಮಾನ ಮಾಡಿಬಿಟ್ಟಿದ್ದ. ಪೊಲೀಸ್ ಚೌಕಿ ಎಲ್ಲಿದೆ ಎಂದು ಮಗಳನ್ನು ಕೇಳಿದ. ಅಷ್ಟರಲ್ಲಿ ಗಂಡ ಬಂದರು, ಎಲ್ಲ ಕೇಳಿಸಿಕೊಂಡರು, ಒದ್ದೆ ಪಂಚೆಯಲ್ಲೇ ಹೇಳಿದರು: "ಚೌಕಿಗೆ ಆಮೇಲೆ ಹೋಗೋಣಪ್ಪ. ಮೊದಲು ಟಂಚ್ ಮಾಡಿಸೋಣ." ಟಂಚ್ ಎಂದರೆ ಇಲ್ಲಿಯವರ ಬಾಯಲ್ಲಿ ಬಂಗಾರದ ಪರೀಕ್ಷೆ.

ಚೌಕ್ ಪೇಟೆಯ ಸರಾಫರ, ಚಿನ್ನದ ವ್ಯಾಪಾರಿಗಳ, ಗಲ್ಲಿಗೆ ರಿಕ್ಷಾದಲ್ಲಿ ಹೋದೆವು. ಎಲ್ಲರೂ ಊಟ ಬಿಟ್ಟಿದ್ದೆವು. ಪರೀಕ್ಷೆಯವನು ಬಳೆಯನ್ನು ಯಂತ್ರದ ಡಬ್ಬಿಯಲ್ಲಿಟ್ಟು ಮುಚ್ಚಿದ. ಪರದೆಯಲ್ಲಿ ಚಿನ್ನವೂ ಬಂತು, ತಾಮ್ರವೂ ಬಂತು. ಮಗ ಮುಂದಕ್ಕೆ ಬಗ್ಗಿದ.

"ಸೋನಾ ಹೈ?" ನಾನು ಕೇಳಿದೆ.

"ಊಪರ್ ಹೈ, ಬಹನ್‌ಜೀ. ಮಶೀನ್ ಊಪರ್ ಕೀ ಪರತ್ ದೇಖ್ತೀ ಹೈ." ಬಂಗಾರ ಮೇಲೆ ಇದೆ, ಆದರೆ ಯಂತ್ರ ನೋಡುವುದು ಮೇಲಿನ ಪದರವನ್ನು ಮಾತ್ರ, ಒಳಗೆ ನೋಡಬೇಕಾದರೆ ಅರದಿಂದ ಒಂದು ಗೀರು ಹಾಕಬೇಕು, ಬಳೆಗೆ ಗುರುತು ಉಳಿಯುತ್ತದೆ, ಒಪ್ಪಿಗೆಯೇ ಎಂದು ಕೇಳಿದ. ಆ ತಾಯಿ ತಲೆಯಾಡಿಸಿದರು. ಅರ ನಾಲ್ಕೈದು ಸಲ ಆಡಿತು. ಗೀರಿನೊಳಗೆ ಹೊಳೆಯುವ ಕೆಂಪು. ಯಂತ್ರ ಆ ಜಾಗವನ್ನು ನೋಡಿ ತಾಮ್ರ ಎಂದಿತು. ಉಳಿದ ಮೂರೂ ಅಷ್ಟೇ.

ವಾಪಸು ಬರುವಾಗ ರಿಕ್ಷಾದಲ್ಲಿ ನನ್ನ ತಲೆಯಲ್ಲಿ ಒಂದೇ ಸುತ್ತುತ್ತಿತ್ತು. ಇಷ್ಟೆಲ್ಲ ಪರೀಕ್ಷೆ ಸೇರಿ ಹೇಳಿದ್ದು ಬಳೆ ಯಾವುದರದ್ದು ಎಂದಷ್ಟೆ. ಎಂದು ಬದಲಾಯಿತು, ಯಾರು ಬದಲಾಯಿಸಿದರು ಎಂದು ಯಾವ ಯಂತ್ರ ಹೇಳೀತು? ಕಪಾಟಿಗೆ ಬೀಗ ಹಾಕಿರಲಿಲ್ಲ. ಹಾಲಿನವಳು ಬಂದಿದ್ದಳು, ನೆರೆಯವರು ಬಂದು ಹೋಗಿದ್ದರು. ನನ್ನ ಮೇಲೆ ನನಗೇ ಗುಮಾನಿ ಹುಟ್ಟುವಷ್ಟು ಯೋಚಿಸಿದೆ.

ಮನೆಗೆ ಬಂದ ಮೇಲೆ ಆಕೆ ನೆಲದ ಮೇಲೆ ಕೂತು ಬಳೆಗಳನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದನ್ನೇ ಹೆಬ್ಬೆರಳಿನಿಂದ ಸವರುತ್ತಿದ್ದರು. ಒಂದರ ಮೇಲೆ ಬೆರಳು ನಿಂತಿತು.

"ಇದು ನನ್ನ ಬಳಿನ."

"ಏನಂತೀಯವ್ವಾ?" ಮಗ ಕೇಳಿದ.

"ಇಲ್ಲಿ ತಗ್ಗು ಐತಲ್ಲ, ನೋಡು. ನಿನ್ನ ಮಗನ ತೊಟ್ಟಿಲಾ ಇಳಸೂ ಮುಂದ ಕಬ್ಬಿಣದ ಕೊಂಡಿ ಬಡೀತು. ಕೈ ಬಾತಿತ್ತು, ನೀನ ಮುಲಾಮು ತಂದ್ ಕೊಟ್ಟಿದ್ದಿ."

ಮಗ ಬಳೆ ತೆಗೆದುಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಅವನಿಗೂ ನೆನಪಿತ್ತು. ಒಂದು ಮುಂಜಾನೆಯಲ್ಲಿ ಬಳೆ ಬದಲಾಯಿಸಿದವರು ಅದೇ ಜಾಗದಲ್ಲಿ ಅದೇ ತಗ್ಗು ಎಲ್ಲಿಂದ ತಂದಾರು? ಮೊಮ್ಮಗ ತೊಟ್ಟಿಲಲ್ಲಿದ್ದಾಗಲೇ ಆಕೆಯ ಕೈಯಲ್ಲಿದ್ದದ್ದು ತಾಮ್ರ.

ನನಗೆ ಅಳು ಬಂದುಬಿಟ್ಟಿತು. ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಹೊರಗೆ ಬಂದಾಗ ಆಕೆ ಮಾತಾಡುತ್ತಿದ್ದರು, ಯಾರಿಗೆಂದು ಹೇಳುವಂತಿರಲಿಲ್ಲ. "ನಿನ್ನ ಮದಿವಿಗೆ ಮುಂಚೆ ನಿಮ್ಮಪ್ಪಾರು ಪಾಲಿಶ್ ಮಾಡಸ್ತೀನಿ ಅಂತ ಒಯ್ದಿದ್ರು. ಒಂದ್ ವಾರ ಕೈ ಬರಿದ ಇತ್ತು. ತಂದ್ ಕೊಟ್ಟಾಗ ಥಳಥಳ ಹೊಳೀತಿದ್ದು. ಹಗರ ಆಗ್ಯಾವಲ್ಲ ಅಂದೆ. ಪಾಲಿಶಿಗೆ ಸವೀತಾವು ಅಂದ್ರು." ಮತ್ತೊಂದು ಬಳೆ ಎತ್ತಿಕೊಂಡು, "ಅವರಿಗೆ ಗೊತ್ತಿತ್ತೋ, ಅಕ್ಕಸಾಲಿಗ ಅವರಿಗೂ ಟೋಪಿ ಹಾಕಿದ್ನೋ" ಎಂದರು.

ನಾಳೆ ಆ ಮನುಷ್ಯನಿಗೇ ಪಿಂಡ ಇಡಬೇಕಿತ್ತು.

ಮಗ ಮೆಟ್ಟಿಲ ಬಳಿ ನನ್ನನ್ನು ತಡೆದು, "ತಪ್ಪಾತ್ರೀ ಅಕ್ಕಾರ" ಎಂದ. ಇರಲಿ ಎಂದೆ. ಇರಲಿ ಎಂದದ್ದು ಬಾಯಿ ಮಾತ್ರ. ಆ ದಿನ ಅವನಿಗೆ ಬಡಿಸಲು ಮಗಳನ್ನು ಕಳಿಸಿದೆ.

ಮರುದಿನ ಘಾಟಿನಲ್ಲಿ ಕರ್ಮ ನಡೆಯಿತು. ಮಗ ಮಂತ್ರ ಹೇಳಿದ, ಎಳ್ಳು ನೀರು ಬಿಟ್ಟ. ನನ್ನ ಗಂಡ ಕ್ರಮ ತಪ್ಪದಂತೆ ಮಾಡಿಸಿದರು. ತಾಯಿ ಬರಿಗೈಯಲ್ಲಿ ಕೂತಿದ್ದರು. ಕೊನೆಗೆ ಕೈ ಮುಗಿಯುವ ಹೊತ್ತಿಗೆ ಮುಗಿಯದೆ ಸುಮ್ಮನೆ ನೀರನ್ನು ನೋಡಿದರು. ಆಮೇಲೆ ನನ್ನ ಗಂಡ ಮೆಲ್ಲಗೆ, "ಅಮ್ಮಾ" ಎಂದಾಗ ಕೈಗಳು ಜೋಡಿಕೊಂಡವು.

ಆಮೇಲಿಂದ ಯಾರ ಒಡವೆಯನ್ನೂ ನಾನು ಕೈಗೆ ತೆಗೆದುಕೊಳ್ಳುವುದಿಲ್ಲ. ಮೇಲಿನ ಕೋಣೆಗಳಿಗೆ ಬೀಗದ ಪೆಟ್ಟಿಗೆ ತಂದಿಟ್ಟೆವು, ಕೀಲಿಕೈ ಯಾತ್ರಿಕರ ಬಳಿಯೇ ಇರುತ್ತದೆ. ಆದರೂ ಹೆಂಗಸರು ಮೆಟ್ಟಿಲಿಳಿದು ಬರುವಾಗ ನನ್ನ ಕಣ್ಣು ಅವರ ಬಳೆಯ ಅಂಚಿಗೇ ಹೋಗುತ್ತದೆ.

ದೀಪಾವಳಿಗೆ ಮುಂಚೆ ಆಕೆ ಫೋನ್ ಮಾಡಿದ್ದರು. ಬಳೆ ಮಾಡಿದ, ಪಾಲಿಶಿಗೂ ತೆಗೆದುಕೊಂಡಿದ್ದ ಅಕ್ಕಸಾಲಿಗ ಸತ್ತು ವರ್ಷಗಳಾಗಿವೆ, ಅದೇ ಜಾಗದಲ್ಲಿ ಅವನ ಮಗ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದಾನಂತೆ. ಬಳೆಯ ವಿಷಯ ಕೇಳಿಯೇ ಬಿಡೋಣವೆಂದು ಹೋದರಂತೆ.

"ಏನಂದ್ರಿ ಅವ್ವಾರ?"

"ಕುಂದರ್ರಿ ಅಂತ ಕುರ್ಚಿ ಕೊಟ್ಟ, ಚಾ ತರಸಿದ. ನಿಮ್ಮ ಯಜಮಾನ್ರು ಭಾಳ ಛಲೋ ಮನಷ್ಯಾ ಅಂದ. ಹೌದಪಾ ಅಂದೆ. ಒಂದ್ ನಲ್ಲಿ ತಗೊಂಡ್ ಬಂದೆ."