ಹತ್ತನೆಯ ಘಾತವಿಲ್ಲದ ಶ್ರೇಣಿ

ಚಿಂತಾಮಣಿಯ ಆ ಕಾಲೇಜಿನಲ್ಲಿ ಗಣಿತಕ್ಕೆ ಅತಿಥಿ ಉಪನ್ಯಾಸಕರ ಒಂದೇ ಹುದ್ದೆ ಖಾಲಿಯಿತ್ತು. ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಬಂದ ಮೊದಲ ಕರೆ ಅದು. ಮಕ್ಕಳ ಮುಂದೆ ಡೆಮೊ ಕ್ಲಾಸ್ ಕೊಡಬೇಕು, ಲೆಕ್ಕವನ್ನು ವಿಭಾಗದ ಮುಖ್ಯಸ್ಥರು ಅಲ್ಲಿಯೇ ಕೊಡುತ್ತಾರೆ ಎಂದಿದ್ದರು. ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಯಾವ ಲೆಕ್ಕ ಕೊಡಬಹುದು ಎಂದು ಊಹಿಸುತ್ತಲೇ ಇದ್ದೆ.

ಮುಖ್ಯಸ್ಥರು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು.

“ಎಕ್ಸ್ ಸ್ಕ್ವೇರ್ ಇಂಟು ಇ ಪವರ್ ಎಕ್ಸ್ ಕ್ಯೂಬ್. ಸೊನ್ನೆಯಲ್ಲಿ ಇದರ ಹತ್ತನೇ ಡೆರಿವೇಟಿವ್ ಎಷ್ಟು? ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿಯಮ್ಮ.”

ಹೆದರಿಕೆಯಲ್ಲಿ ಕೈ ತನ್ನಷ್ಟಕ್ಕೆ ಡೆರಿವೇಟಿವ್ ತೆಗೆಯತೊಡಗಿತು. ಎರಡನೆಯದಕ್ಕೇ ಆವರಣದೊಳಗೆ ಮೂರು ಪದಗಳಾದವು.

“ಹಿಂಗೇ ಹತ್ತು ಸಲಾನಾ? ಬೋರ್ಡೇ ಸಾಲ್ದು ಕಣೇ,” ಎಂದಳು ಮುಂದಿನ ಬೆಂಚಿನ ಹುಡುಗಿ, ಪಕ್ಕದವಳಿಗೆ. ಇಬ್ಬರೂ ನಕ್ಕರು. ಎಲ್ಲವನ್ನೂ ಅಳಿಸಿದೆ.

ಗೊತ್ತಿರುವ ಶ್ರೇಣಿಯನ್ನೇ ಬರೆದೆ: eᵗ = 1 + t + t²/2! + t³/3! + … t ಇದ್ದಲ್ಲಿ x³ ಹಾಕಿ, ಪೂರ್ತಿ x² ನಿಂದ ಗುಣಿಸಿದೆ: x² + x⁵ + x⁸/2 + x¹¹/6 + …

“ಎಂಟಾದ ಮೇಲೆ ಹನ್ನೊಂದು. x¹⁰ ಇಲ್ಲವೇ ಇಲ್ಲ. ಅದರ ಸಹಗುಣಕ ಸೊನ್ನೆ. ಹಾಗಾಗಿ ಹತ್ತನೇ ಡೆರಿವೇಟಿವ್ ಸೊನ್ನೆ.”

“ಅಂದ್ರೆ ಹತ್ತನೇ ಡೆರಿವೇಟಿವೇ ಇಲ್ವಾ, ಮೇಡಂ?” ಅದೇ ಹುಡುಗಿ.

“ಇದೆಯಮ್ಮ. ಎಕ್ಸ್ ಸೊನ್ನೆ ಆದಾಗ ಅದರ ಬೆಲೆ ಸೊನ್ನೆ, ಅಷ್ಟೇ.”

ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. ಮುಗಿಯಿತು ಅಂದುಕೊಂಡೆ.

“ಸರಿ. ಹನ್ನೊಂದನೇದು?” ಎಂದರು ಮುಖ್ಯಸ್ಥರು.

“ಆರನೇ ಒಂದು, ಸರ್.”

ಅವರು ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗಿಟ್ಟರು. ಬರೆಯುವುದು ಇನ್ನೇನೂ ಇಲ್ಲ ಎನ್ನುವ ಹಾಗೆ. ಬೋರ್ಡಿನ ಕಡೆ ತಿರುಗಿದರೆ ಅಕ್ಷರಗಳು ಕಾಣಿಸಿದವು, ಅರ್ಥವಾಗಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಇನ್ನೊಬ್ಬ ಅಭ್ಯರ್ಥಿ ಯಾರೊಡನೆಯೋ ತೆಲುಗಿನಲ್ಲಿ ನಗುತ್ತಾ ಮಾತಾಡುತ್ತಿದ್ದರು. ಸೀಮೆಸುಣ್ಣ ಬೆರಳಲ್ಲೇ ಮುರಿಯಿತು.

ಆಗ ಕಂಡಿತು. ಸಹಗುಣಕವನ್ನೇ ಡೆರಿವೇಟಿವ್ ಎಂದು ಓದಿಬಿಟ್ಟಿದ್ದೆ. ಹತ್ತನೆಯದರಲ್ಲೂ ಹಾಗೆಯೇ ಓದಿದ್ದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಆದ್ದರಿಂದ ತಪ್ಪು ಹೊರಗೆ ಬಂದಿರಲಿಲ್ಲ.

“ತಪ್ಪಾಯ್ತು, ಸರ್. x¹¹ ಅನ್ನು ಹನ್ನೊಂದು ಸಲ ಡಿಫರೆನ್ಷಿಯೇಟ್ ಮಾಡಿದ್ರೆ ಹನ್ನೊಂದು ಫ್ಯಾಕ್ಟೋರಿಯಲ್, ಅಂದ್ರೆ 11! ಉಳಿಯುತ್ತೆ. ಕೆಳಗಿನ ಘಾತಗಳು ಅಷ್ಟರಲ್ಲಿ ಅಳಿದಿರುತ್ತವೆ. ಮೇಲಿನವುಗಳಲ್ಲಿ ಇನ್ನೂ ಎಕ್ಸ್ ಇರೋದ್ರಿಂದ ಸೊನ್ನೆಯಲ್ಲಿ ಸೊನ್ನೆ ಆಗುತ್ತವೆ. ಆದ್ದರಿಂದ ಸಹಗುಣಕವನ್ನ 11! ನಿಂದ ಗುಣಿಸಬೇಕು.” ಬರೆದೆ: 11!/6 = 6652800.

ಯಾರೂ ನಗಲಿಲ್ಲ. ಅದರಿಂದ ಇನ್ನೂ ಭಯವಾಯಿತು.

“ಈ ಮಾತು ಹತ್ತನೇದಕ್ಕೇ ಹೇಳಬೇಕಿತ್ತು. ಸೊನ್ನೆ ಬಂತು, ಬಚಾವಾದ್ರಿ,” ಎಂದು ಅವರು ಎದ್ದರು. ಬಾಗಿಲ ಹತ್ತಿರ ನಿಂತು, “ಇನ್ನೊಬ್ಬರದ್ದೂ ನೋಡ್ತೀನಿ. ಕಾಯ್ತಿರಿ,” ಎಂದರು.

ಕಾದೆ. ಇನ್ನೊಬ್ಬರು ಮುಗಿಸಿ ಹೋದ ಮೇಲೆ ಮುಖ್ಯಸ್ಥರು ಹೊರಗೆ ಬಂದು ಹೇಳಿದರು: “ಸೋಮವಾರ ಎರಡನೇ ಪೀರಿಯಡ್ ನಿಮ್ಮದು. ಇದೇ ಲೆಕ್ಕ, ಇದೇ ಕ್ಲಾಸು. ಫ್ಯಾಕ್ಟೋರಿಯಲ್ ಮೊದಲು ಹೇಳಿ.”

ತಲೆಯಾಡಿಸಿದೆ. ಮುಂದಿನ ಬೆಂಚಿನ ಆ ಹುಡುಗಿ ಸೋಮವಾರವೂ ಅಲ್ಲೇ ಕೂತಿರುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.