ಸುಮ್ಮನಿರಲು ನಾನು ಬಿಡದಿದ್ದ ಗೆಳತಿ

ನನ್ನ ಗೆಳತಿ ಯೋಚನೆ ಮಾಡುವಾಗ ಮಾತಾಡುತ್ತಿರಲಿಲ್ಲ. ಲೆಕ್ಕವೊಂದನ್ನು ಮುಂದಿಟ್ಟರೆ ಕೆಳತುಟಿಯನ್ನು ಒಳಗೆಳೆದುಕೊಂಡು, ತೋರುಬೆರಳಿನಿಂದ ತೊಡೆಯ ಮೇಲೆ ಏನೋ ಗೀಚುತ್ತ ಕೂತುಬಿಡುತ್ತಿದ್ದಳು. ಎರಡು ನಿಮಿಷ, ಮೂರು ನಿಮಿಷ. ಆಮೇಲೆ ತಲೆಯೆತ್ತಿ ಉತ್ತರ ಹೇಳುತ್ತಿದ್ದಳು. ಅದು ತಪ್ಪಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

ನಾವಿಬ್ಬರೂ ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೆವು. ನಾನು ಕಟ್ಟೆಮಳಲವಾಡಿಯವಳು, ಹುಣಸೂರಿನಲ್ಲಿ ಬಸ್ಸು ಹತ್ತುತ್ತಿದ್ದೆ. ಅವಳು ಬಿಳಿಕೆರೆಯಲ್ಲಿ ಹತ್ತುತ್ತಿದ್ದಳು. ಅವಳಿಗಾಗಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಕಾಯುವುದು, ಅದಕ್ಕಾಗಿ ಯಾರ ಕೈಲಾದರೂ ಬೈಸಿಕೊಳ್ಳುವುದು ನನ್ನ ದಿನದ ಕೆಲಸ. ಆ ಸೀಟಿನಲ್ಲೇ ಅವಳು ನನಗೆ ಡೇಟಾ ಸ್ಟ್ರಕ್ಚರ್ ಕಲಿಸಿದ್ದು. ತರಗತಿಯಲ್ಲಿ ಲಿಂಕ್ಡ್ ಲಿಸ್ಟ್ ಅಂದರೆ ನನಗೆ ಬೋರ್ಡಿನ ಮೇಲಿನ ಡಬ್ಬಿಗಳು, ಬಾಣಗಳು ಅಷ್ಟೆ. ಅವಳು, "ಪ್ರತಿಯೊಬ್ರಿಗೂ ಮುಂದಿನೋರ ಮನೆ ಮಾತ್ರ ಗೊತ್ತು ಅನ್ಕೊ. ಮೂರನೆಯೋರು ಬೇಕಾದ್ರೆ ಮೊದ್ಲಿಂದ ಕೇಳ್ಕಂಡೇ ಓಗ್ಬೇಕು" ಅಂದಾಗ ಅದು ತಲೆಯೊಳಗೆ ಕೂತಿತು.

ಆ ವರ್ಷ ಕಾಲೇಜಿಗೆ ಇಂಟರ್ನ್‌ಶಿಪ್‌ಗೆ ಆರಿಸಿಕೊಳ್ಳಲು ಒಂದು ಕಂಪನಿ ಬರುತ್ತದೆಂದು ತಿಳಿಯಿತು. ಕೆ.ಆರ್. ನಗರದ ಕಡೆಯ ಸೀನಿಯರ್ ಒಬ್ಬರು ಹಿಂದಿನ ವರ್ಷ ಅಲ್ಲಿಗೆ ಆಯ್ಕೆಯಾಗಿದ್ದರು. ಒಂದು ಶನಿವಾರ ನಮ್ಮನ್ನೆಲ್ಲ ಕೂರಿಸಿಕೊಂಡು ಇಂಟರ್‌ವ್ಯೂ ಹೇಗಿರುತ್ತದೆಂದು ಹೇಳಿದರು. ಗೆಳತಿಯ ಮನೆಯಲ್ಲಿ ಅವತ್ತು ಹೊಗೆಸೊಪ್ಪು ಮುರಿಯುತ್ತಿದ್ದರು. ಅವಳು ಬಂದಿರಲಿಲ್ಲ.

"ಸುಮ್ನೆ ಕೂತ್ರೆ ನಿಮ್ ತಲೇಲಿ ಏನದೆ ಅಂತ ಅವ್ರಿಗೆಂಗೆ ಗೊತ್ತಾಗ್ಬೇಕು?" ಅಂದರು ಸೀನಿಯರ್. "ಉತ್ತರಕ್ಕಿಂತ ದಾರಿ ನೋಡ್ತಾರೆ. ಪ್ರಶ್ನೇನ ನಿಮ್ ಮಾತಲ್ಲಿ ಒಂದ್ಸಲ ಏಳಿ. ಚಿಕ್ ಉದಾಹರಣೆ ತಗಳಿ. ಮೊದ್ಲು ಸುಲಭದ ದಾರಿ ಏಳಿ, ಅದ್ಯಾಕೆ ನಿಧಾನ ಅಂತ ಏಳಿ, ಆಮೇಲೆ ಬೇಗ ಆಗೋದು ಹುಡುಕಿ. ಕೋಡ್ ಬರೀತಾ ಬರೀತಾ ಮಾತಾಡಿ."

ಎದ್ದು ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸಿದರು. "ಯೋಚ್ನೆ ಮಾಡಕ್ಕೆ ಟೈಮ್ ಬೇಕು ಅನ್ನಿಸ್ತಾ, ಒಂದೆರಡು ನಿಮಿಷ ಕೊಡಿ ಅಂತ ಕೇಳಿ. ಕೊಡ್ತಾರೆ. ತಪ್ಪೇನಿಲ್ಲ."

ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸೋಮವಾರ ಬಸ್ಸಿನಲ್ಲಿ ಗೆಳತಿಗೆ ಎಲ್ಲವನ್ನೂ ಹೇಳಿದೆ, ಆ ಕೊನೆಯ ಮಾತೊಂದನ್ನು ಬಿಟ್ಟು.

ಅಂದಿನಿಂದ ನಾವು ಒಬ್ಬರನ್ನೊಬ್ಬರು ಇಂಟರ್‌ವ್ಯೂ ಮಾಡತೊಡಗಿದೆವು. ಮೊದಲ ದಿನವೇ ಗೊತ್ತಾಯಿತು, ಈ ಒಂದು ವಿಷಯದಲ್ಲಿ ನಾನು ಅವಳಿಗಿಂತ ಮುಂದಿದ್ದೇನೆಂದು. ಮಾತು ನನಗೆ ಹುಟ್ಟಿನಿಂದಲೇ ಸಲೀಸು. ಒಂದು ಸಂಖ್ಯೆಗಳ ಪಟ್ಟಿಯಲ್ಲಿ ಯಾವ ಎರಡನ್ನು ಕೂಡಿದರೆ ಹತ್ತು ಬರುತ್ತದೆ ಎಂದು ಅವಳು ಕೇಳಿದರೆ ನಾನು ಉತ್ತರ ಹೊಳೆಯದಿದ್ದರೂ ಶುರು ಮಾಡಿಬಿಡುತ್ತಿದ್ದೆ: ಒಂದೊಂದನ್ನೂ ಉಳಿದೆಲ್ಲದರ ಜೊತೆ ಕೂಡಿ ನೋಡಬಹುದು, ಪಟ್ಟಿ ಉದ್ದವಾದರೆ ಅದು ತುಂಬ ನಿಧಾನ, ಹಾಗಾದರೆ ಈಗಾಗಲೇ ನೋಡಿದ್ದನ್ನು ಎಲ್ಲಾದರೂ ನೆನಪಿಟ್ಟುಕೊಂಡರೆ ಹೇಗೆ… ಹೀಗೆ ಹೇಳುತ್ತ ಹೇಳುತ್ತ, ಇಟ್ಟದ್ದನ್ನು ತಕ್ಷಣ ಹುಡುಕಿಕೊಡುವ ಹ್ಯಾಶ್ ಮ್ಯಾಪಿನ ಹತ್ತಿರ ಬರುತ್ತಿದ್ದೆ. ಅವಳನ್ನು ಅದನ್ನೇ ಕೇಳಿದರೆ ಒಂದಿಷ್ಟು ಹೊತ್ತು ಸುಮ್ಮನಿದ್ದು, "ಮ್ಯಾಪ್. ಮೂರು ಬಂದಾಗ ಏಳು ಮೊದ್ಲೇ ಬಂದೈತಾ ನೋಡದು. ಇಲ್ದಿದ್ರೆ ಮೂರ್ನ ಇಟ್ಕೊಂಡು ಮುಂದಕ್ಕೋಗದು" ಅನ್ನುತ್ತಿದ್ದಳು. ಅಷ್ಟಕ್ಕೇ ಮುಗಿಯುತ್ತಿತ್ತು.

"ಇಂಗಂದ್ರೆ ಆಗಲ್ಲ ಕಣೆ. ಮೊದ್ಲಿಂದ ಮಾತಾಡ್ಬೇಕು. ಇಂಗ್ಲಿಷಲ್ಲಿ" ಅಂದೆ ನಾನು.

ಅವಳು ಪಾಪ, ಪ್ರಯತ್ನಿಸಿದಳು. ನಾನು ಪೆನ್ನು ಹಿಡಿದು ಕೂರುತ್ತಿದ್ದೆ. ಅವಳು ಹತ್ತು ಸೆಕೆಂಡ್ ಸುಮ್ಮನಾದರೆ ಮುಂದಿನ ಸೀಟಿನ ಕಂಬಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದೆ. ಅವಳು ಬೆಚ್ಚಿ, ಸಿಕ್ಕ ಇಂಗ್ಲಿಷ್ ಪದ ಹಿಡಿದು ಮಾತು ಶುರು ಮಾಡುತ್ತಿದ್ದಳು. ಕನ್ನಡದಲ್ಲಿ ಬಂದ ಯೋಚನೆ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ತಿರುಗುವಾಗ ಕೈಜಾರಿ ಹೋಗುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ನೋಡಿಯೂ ಬಡಿಯುತ್ತಿದ್ದೆ.

ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಅವಳ ಅವ್ವ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಾವು ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತೆವು. ಆವರಣ ಚಿಹ್ನೆಗಳ ಸಾಲೊಂದರಲ್ಲಿ ತೆರೆದದ್ದೆಲ್ಲ ಸರಿಯಾಗಿ ಮುಚ್ಚಿವೆಯೇ ಎಂದು ನೋಡುವ ಲೆಕ್ಕ ಕೊಟ್ಟೆ. ಸ್ಟ್ಯಾಕ್ ಬಳಸಬೇಕಾದದ್ದು: ತೆರೆದದ್ದನ್ನು ಒಂದರ ಮೇಲೊಂದು ಪೇರಿಸುತ್ತ ಹೋಗಿ, ಮುಚ್ಚುವುದು ಬಂದಾಗ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ ತೆಗೆಯುವುದು; ಕೊನೆಗೆ ಏನೂ ಉಳಿದಿರಬಾರದು. ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೂ ಅವಳು ತುಟಿ ಒಳಗೆಳೆದುಕೊಂಡ ಕೂಡಲೇ ನಾನು ನೆಲಕ್ಕೆ ಪೆನ್ನು ಬಡಿದೆ.

ಅವಳ ಅವ್ವ ಕೈಲಿದ್ದ ಎಲೆ ಕೆಳಗಿಟ್ಟರು. "ಅವ್ಳು ಯೋಚ್ನೆ ಮಾಡ್ತಾವ್ಳೆ ಕಣವ್ವ. ಒಸಿ ತಡಿ."

"ಅಲ್ಲಿ ತಡ್ಯಲ್ಲ ಅಮ್ಮ" ಅಂದೆ ನಾನು. ಸುಳ್ಳೆಂದು ಗೊತ್ತಿದ್ದೇ ಅಂದೆ. ನೋಟ್‌ಬುಕ್ಕು ನನ್ನ ಬ್ಯಾಗಿನಲ್ಲೇ ಇತ್ತು.

ಇಂಟರ್‌ವ್ಯೂ ದಿನ ಕಾಲೇಜಿನ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟಿದ್ದರು. ಆ ಕಡೆಯಿಂದ ಕಂಪನಿಯವರು ವಿಡಿಯೊದಲ್ಲಿ ಮಾತಾಡುತ್ತಿದ್ದರು. ನನ್ನದು ಬೆಳಗ್ಗೆಯೇ ಮುಗಿಯಿತು. ಒಂದು ಲಿಂಕ್ಡ್ ಲಿಸ್ಟ್ ಎಲ್ಲಾದರೂ ಸುತ್ತಿಕೊಂಡು ಬಂದ ಜಾಗಕ್ಕೇ ಸೇರುತ್ತದೆಯೇ ಎಂದು ಕಂಡುಹಿಡಿಯುವ ಪ್ರಶ್ನೆ. ನಾನು ರೂಢಿಯಂತೆ ಮಾತು ಶುರು ಮಾಡಿದೆ. ದಾಟಿಬಂದ ನೋಡ್‌ಗಳನ್ನೆಲ್ಲ, ಅಂದರೆ ಬೋರ್ಡಿನ ಆ ಡಬ್ಬಿಗಳನ್ನೆಲ್ಲ, ನೆನಪಿಟ್ಟುಕೊಳ್ಳಬಹುದು, ಅದಕ್ಕೆ ಹೆಚ್ಚು ಜಾಗ ಬೇಕು; ಅದರ ಬದಲು ಎರಡು ಪಾಯಿಂಟರ್, ಒಂದು ಒಂದೊಂದೇ ಹೆಜ್ಜೆ, ಇನ್ನೊಂದು ಎರಡೆರಡು ಹೆಜ್ಜೆ. ಸುತ್ತು ಇದ್ದರೆ ಎರಡೂ ಸಂಧಿಸುತ್ತವೆ.

"ಸಂಧಿಸಲೇಬೇಕು ಯಾಕೆ? ವೇಗದ್ದು ನಿಧಾನದ್ದನ್ನು ಹಾರಿಹೋಗಬಹುದಲ್ಲ?" ಎಂದು ಆ ಕಡೆಯವರು ಕೇಳಿದರು.

ಹಿಂದೊಮ್ಮೆ ಬಸ್ಸು ಇಲವಾಲ ದಾಟುವಾಗ ಗೆಳತಿ ಹೇಳಿದ್ದು ನನಗೆ ನೆನಪಾಯಿತು: ಎರಡೂ ಸುತ್ತಿನೊಳಗೆ ಬಂದ ಮೇಲೆ ಪ್ರತಿ ಸಲ ಅವೆರಡರ ನಡುವಿನ ಅಂತರ ಒಂದೊಂದೇ ಕಡಿಮೆಯಾಗುತ್ತದೆ. ಒಂದೊಂದೇ ಕಡಿಮೆಯಾಗುವುದು ಸೊನ್ನೆಗೆ ಬರದೆ ಹಾರಿಹೋಗಲಾರದು. ಅವಳ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆಯವರು ನಕ್ಕು ತಲೆಯಾಡಿಸಿದರು.

ಗೆಳತಿಯದು ಮಧ್ಯಾಹ್ನ. ಮುಗಿಸಿ ಹೊರಬಂದವಳು ನನ್ನ ಮುಖ ನೋಡದೆ ನೀರಿನ ಬಾಟಲಿ ತೆಗೆದುಕೊಂಡು ನಡೆದಳು. ನಾನು ಹಿಂದೆ ಓಡಿದೆ. ಬಸ್ಸು ಹತ್ತಿ ಕೂತ ಮೇಲೆ ಅವಳು ಹೇಳತೊಡಗಿದಳು.

ಅವಳನ್ನು ಕೇಳಿದ್ದು ಇದು: ದಿನದಿನದ ಉಷ್ಣಾಂಶದ ಪಟ್ಟಿ ಕೊಟ್ಟಿರುತ್ತಾರೆ, ಪ್ರತಿ ದಿನಕ್ಕೂ, ಅದಕ್ಕಿಂತ ಹೆಚ್ಚು ಬಿಸಿಯ ದಿನ ಬರಲು ಎಷ್ಟು ದಿನ ಕಾಯಬೇಕೆಂದು ಹೇಳಬೇಕು. ಪ್ರಶ್ನೆ ಕೇಳಿದ ಕೂಡಲೇ ಅವಳಿಗೆ ಏನೋ ಹೊಳೆದಿತ್ತಂತೆ. ಅದನ್ನು ಹಿಡಿಯುವ ಮುಂಚೆ ಬಾಯಿ ಶುರುವಾಗಿತ್ತು. ಪ್ರತಿ ದಿನದಿಂದಲೂ ಮುಂದಕ್ಕೆ ಒಂದೊಂದೇ ದಿನ ನೋಡುತ್ತ ಹೋಗುವುದು ಎಂದು ಹೇಳಿದಳು. ನಿಧಾನ ಎಂದೂ ಹೇಳಿದಳು. ಅಲ್ಲಿಂದ ಮುಂದೆ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತ ಹೋದಳು.

"ಅವ್ರು ಟೇಕ್ ಯುವರ್ ಟೈಮ್ ಅಂದ್ರು ಕಣೆ. ಎರಡ್ ಸಲ ಅಂದ್ರು" ಅಂದಳು. "ಪರೀಕ್ಷೆ ಮಾಡ್ತಾವ್ರೆ ಅನ್ಕೊಂಡೆ. ಸುಮ್ನಾದ್ರೆ ಕೆಟ್ಟೆ ಅನ್ಕೊಂಡು ಮಾತಾಡ್ತಾನೇ ಇದ್ದೆ. ಏನ್ ಮಾತಾಡಿದ್ನೋ ನಂಗೇ ಗೊತ್ತಿಲ್ಲ."

ಬರೆದ ಕೋಡ್ ಕೂಡ ಅರ್ಧಕ್ಕೇ ನಿಂತಿತ್ತು.

ಬಸ್ಸು ಮೈಸೂರು ದಾಟಿತು. ಅವಳು ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕೂತಳು. ತೋರುಬೆರಳು ತೊಡೆಯ ಮೇಲೆ ಆಡುತ್ತಿತ್ತು. ಈ ಸಲ ನಾನು ಕಂಬಿ ಬಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ನನ್ನ ಕಡೆ ತಿರುಗದೆಯೇ ಹೇಳಿದಳು:

"ಸ್ಟ್ಯಾಕು. ಉತ್ತರ ಸಿಗದೇ ಇರೋ ದಿನಗಳನ್ನ ಸ್ಟ್ಯಾಕಲ್ಲಿ ಕಾಯಿಸ್ಕಂಡು ಓಗದು. ಇವತ್ತು ಮೇಲಿರೋ ದಿನಕ್ಕಿಂತ ಬಿಸಿ ಆದ್ರೆ ಅದ್ನ ತಗೀದು, ಎಷ್ಟು ದಿನ ಆಯ್ತು ಅಂತ ಬರೀದು. ಅದರ ಕೆಳಗಿಂದೂ ಅಂಗೇ. ಆಮೇಲೆ ಇವತ್ತಿಂದ ಇಡದು. ಒಂದೊಂದು ದಿನಾನೂ ಒಂದೇ ಸಲ ಒಳಕ್ಕೋಯ್ತದೆ, ಒಂದೇ ಸಲ ಈಚ್ಗೆ ಬತ್ತದೆ. ಎಷ್ಟು ಸಲೀಸು."

ನನ್ನ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲಿ ಬರಲಿಲ್ಲ.

ಮರುದಿನ ಫಲಿತಾಂಶ ಬಂತು. ನಾನು ಆಯ್ಕೆಯಾಗಿದ್ದೆ. ಅವಳು ಆಗಿರಲಿಲ್ಲ. ಮನೆಯಲ್ಲಿ ಅಮ್ಮ ಪಾಯಸ ಮಾಡಿದರು. ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. "ಯಾಕವ್ವ?" ಎಂದು ಕೇಳಿದಾಗ ಹೊಟ್ಟೆ ಸರಿಯಿಲ್ಲ ಅಂದೆ.

ಮೂರು ದಿನ ತಡೆದು, ನಾಲ್ಕನೇ ದಿನ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದೆ. ಅವಳು ಕೊನೆಯ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು.

"ಇದ್ನ ಏಳದು ಮರ್ತೋಯ್ತಾ?"

"ಗೊತ್ತಿಲ್ಲ ಕಣೆ."

"ಗೊತ್ತಿಲ್ಲ ಅನ್ಬ್ಯಾಡ. ಮರ್ತ್ಯಾ, ಇಲ್ಲ ಬೇಕಂತ ಏಳ್ಲಿಲ್ವಾ?"

ಮೊದಲ ದಿನ ನಿಜಕ್ಕೂ ಮರೆತಿದ್ದಿರಬಹುದು. ಆದರೆ ಆಮೇಲಿನ ದಿನಗಳಲ್ಲಿ ಆ ಪುಟವನ್ನು ನಾನು ಎಷ್ಟು ಸಲ ತೆರೆದಿಲ್ಲ? "ಬೇಕಂತ" ಅಂದೆ. "ನಿಂಗೆ ಎಲ್ಲಾ ಬತ್ತಿತ್ತು. ನಂಗೆ ಮಾತೊಂದೇ ಬತ್ತಿದ್ದಿದ್ದು."

ಅವಳು ನೋಟ್‌ಬುಕ್ ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. "ಟಕ್ ಟಕ್ ಅಂತ ಹೊಡ್ಯೋವಾಗ ನಿನ್ ಮಖ ನೋಡ್ತಿದ್ದೆ. ಖುಷಿಯಾಯ್ತಿತ್ತು ನಿಂಗೆ. ಅಷ್ಟು ಗೊತ್ತಿತ್ತು. ಇದು ಗೊತ್ತಿರ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಸೀಟು ಬದಲಿಸಲೂ ಇಲ್ಲ. ಬಿಳಿಕೆರೆಯಲ್ಲಿ ಹತ್ತಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು, ಪರೀಕ್ಷೆ, ಅಸೈನ್‌ಮೆಂಟ್ ಎಂದು ಮಾತಾಡುತ್ತಿದ್ದಳು. ನನಗೆ ಅರ್ಥವಾಗದ್ದನ್ನು ಕೇಳಿದರೆ ಹೇಳಿಕೊಡುತ್ತಲೂ ಇದ್ದಳು. ಆದರೆ ಇಂಟರ್‌ವ್ಯೂ ಅಭ್ಯಾಸವನ್ನು ಮತ್ತೆ ನನ್ನ ಜೊತೆ ಮಾಡಲಿಲ್ಲ. ಮನೆಯಲ್ಲಿ ಅವ್ವನ ಎದುರು ಕೂತು ಕನ್ನಡದಲ್ಲೇ ಹೇಳಿ, ಆಮೇಲೆ ಅದನ್ನೇ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳುತ್ತಾಳೆಂದು ತಿಳಿಯಿತು. ಅದನ್ನೂ ಅವಳು ಹೇಳಲಿಲ್ಲ. ನಾನು ಫೋನ್ ಮಾಡಿದಾಗ ಅವಳ ಅವ್ವ ಹೇಳಿದರು.

ಕೆಲವು ತಿಂಗಳ ನಂತರ ಮೈಸೂರಿನದೇ ಒಂದು ಸಣ್ಣ ಕಂಪನಿ ಬಂತು. ಅಲ್ಲಿ ಅವಳು ಆಯ್ಕೆಯಾದಳು. ನನಗೆ ಗೊತ್ತಾದದ್ದು ನೋಟಿಸ್ ಬೋರ್ಡಿನಿಂದ. ಹೇಗಾಯಿತೆಂದು ಕೇಳಿದೆ.

"ಎರಡ್ ನಿಮಿಷ ಕೊಡಿ ಅಂದೆ, ಕೊಟ್ರು" ಅಂದಳು. "ಆಮೇಲೆ ಏಳ್ದೆ."

ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಅವಳು ಬ್ಯಾಗಿನಿಂದ ಇಯರ್‌ಫೋನ್ ತೆಗೆದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.