ಪದ್ಮಯ್ಯ ಕಿವಿಯಿಟ್ಟ ಗೋಡೆ

ಮರ್ಕಂಜದ ನಮ್ಮ ಮನೆಯ ನಡುಕೋಣೆಯ ಗೋಡೆಯೊಳಗೆ ಯಾರೋ ಉಗುರಿನಿಂದ ಕೆರೆದ ಹಾಗೆ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಸರ್ ಎನ್ನುವುದು. ಇಲಿಯೆಂದು ಬೋನು ಇಟ್ಟೆವು, ಇಲಿ ಬೀಳಲಿಲ್ಲ. ತಮ್ಮನ ಮಗ ಧರ್ಮಪಾಲ ಹೋಗಿ ಜೋಯಿಸರಲ್ಲಿ ಕೇಳಿಸಿದ. ತೃಪ್ತಿಯಾಗದ ಜೀವವೊಂದು ಉಂಟೆಂದರಂತೆ. ಅವನ ಹೆಂಡತಿ ಕುಮುದಿನಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು. ಗೋಡೆ ಕೆಡವುವುದೆಂದು ನಿಶ್ಚಯವಾಯಿತು.

ಕೆಡವಲು ಬಂದವನು ಆಲಂಕಾರಿನ ಮೇಸ್ತ್ರಿ ಪದ್ಮಯ್ಯ. ಎಪ್ಪತ್ತು ದಾಟಿದವ. ಹಾರೆ ಎತ್ತುವ ಮೊದಲು ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟಿದ, ಕಿವಿಯಿಟ್ಟ. ಆಮೇಲೆ ಅಂಗೈಯಷ್ಟು ಸಿಮೆಂಟ್ ಎಬ್ಬಿಸಿದ. ಹಿಂದಿನಿಂದ ಒದ್ದೆ ಪುಡಿ ಸರ್ ಎಂದು ಸುರಿಯಿತು. ಅದೇ ಸದ್ದು.

ಅವನು ಹಾರೆಯನ್ನು ಕೆಳಗಿಟ್ಟು ಅಲ್ಲೇ ಕುಳಿತ.

"ಅಕ್ಕಾ, ನೆಲದಿಂದ ಏರಿದ ನೀರಿಗೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಸಿಮೆಂಟಿನ ಹಿಂದೆ ಸುಣ್ಣದ ಗಾರೆ ಪುಡಿಯಾಗಿ ಉದುರುದು. ದಾರಿ ಮುಚ್ಚಿದ್ದು ನಾನೇ."

ಆ ಗಾರೆ ಅವನ ಅಪ್ಪ ಮಾಡಿದ್ದು. ಇಪ್ಪತ್ತೈದು ವರ್ಷದ ಹಿಂದೆ ಅದು ಅಲ್ಲಲ್ಲಿ ಬಿರಿದಾಗ ಅಪ್ಪ ಹಾಸಿಗೆ ಹಿಡಿದಿದ್ದ. ಸುಣ್ಣದ ಗೋಡೆಗೆ ಸಿಮೆಂಟ್ ಹಾಕಬೇಡ ಎಂದು ಅಲ್ಲಿಂದಲೇ ಹೇಳಿದ್ದನಂತೆ. ಇವನು ಎರಡೇ ದಿನದಲ್ಲಿ ಸಿಮೆಂಟ್ ಬಳಿದು ಮನೆಗೆ ಹೋದ. ಎಂತ ಹಾಕಿದೆ ಎಂದು ಅಪ್ಪ ಕೇಳಿದ. ಸುಣ್ಣ ಎಂದ ಇವನು. ಮರುದಿನ ಅಪ್ಪ ತೀರಿಕೊಂಡ.

ಕಲ್ಲು ಗಟ್ಟಿ ಉಂಟು, ಕೆಡವುದು ಬೇಡ, ನಾನೇ ಸರಿ ಮಾಡ್ತೇನೆ ಎಂದು ಅವನು ಧರ್ಮಪಾಲನ ಎದುರು ಕೈಮುಗಿದ.

ಸಣ್ಣ ಉಳಿಯಿಂದ ಸಿಮೆಂಟನ್ನೆಲ್ಲ ಬಿಡಿಸಿದ. ಸಂದಿನ ಪುಡಿ ಕೆರೆದು ತೆಗೆದ. ಬೇಸಿಗೆಯಿಡೀ ಗೋಡೆ ಕೆಂಪುಕಲ್ಲು ತೋರಿಸಿಕೊಂಡು ಒಣಗಿತು. ಅಂಗಳದ ಹೊಂಡದಲ್ಲಿ ಸುಣ್ಣ ಹದವಾಗಲೆಂದು ನೀರಿನಡಿ ತಿಂಗಳುಗಟ್ಟಲೆ ಕೊಳೆಯಿತು. ಅದಕ್ಕೆ ಮರಳು ಸೇರಿಸಿ ಕುಟ್ಟುವ ದಿನ ಧರ್ಮಪಾಲನ ತಾಳ್ಮೆ ಮುಗಿದಿತ್ತು.

"ಒಂದು ಬುಟ್ಟಿ ಸಿಮೆಂಟ್ ಸೇರಿಸಿದ್ರೆ ಬೇಗ ಗಟ್ಟಿಯಾಗ್ತದಲ್ಲ ಪದ್ಮಯ್ಯಣ್ಣ? ಯಾರಿಗೆ ಗೊತ್ತಾಗ್ತದೆ?"

"ನಾನೂ ಆಗ ಹಾಗೇ ಎಣಿಸಿದ್ದು ಮಾರಾಯ."

ಧರ್ಮಪಾಲ ಒನಕೆ ತೆಗೆದುಕೊಂಡು ತಾನೂ ಕುಟ್ಟಲು ನಿಂತ.

ತೆಳುವಾಗಿ ಒಂದು ಪದರ ಹಚ್ಚುವುದು, ಒದ್ದೆ ಗೋಣಿ ಇಳಿಬಿಟ್ಟು ದಿನಗಟ್ಟಲೆ ಕಾಯುವುದು, ಮತ್ತೊಂದು ಪದರ. ಕೊನೆಗೆ ಸುಣ್ಣದ ನೀರು ಬಳಿದ. ಒಂದು ಮಳೆಗಾಲ ಕಳೆಯಿತು, ಸದ್ದಿಲ್ಲ. ಈಗ ಕುಮುದಿನಿ ಅಲ್ಲೇ ಮಲಗುತ್ತಾಳೆ.

ಪದ್ಮಯ್ಯ ಮಾತ್ರ ಈಗಲೂ ಬರುತ್ತಾನೆ. ಬಂದವನು ನೇರ ಒಳಗೆ ಹೋಗಿ ಗೋಡೆಗೆ ಕಿವಿಯಿಡುತ್ತಾನೆ.

"ಎಂತ ಕೇಳ್ತದೆ?" ಎಂದು ಮೊನ್ನೆ ಕೇಳಿದೆ.

"ಎಂತ ಇಲ್ಲ ಅಕ್ಕ. ಆಗ ಉದುರಿದ್ದು ಗಾರೆಯೇ, ನನಗೆ ಗೊತ್ತುಂಟು. ಆದ್ರೂ ಅಪ್ಪ ಬೈದ ಹಾಗೆ ಇತ್ತು. ಸುಣ್ಣವೇ ಹಾಕಿದೆ ಅಂತ ಈಗ ಹೇಳಿದ್ರೆ, ಹೂಂ ಅನ್ಲಿಕ್ಕೂ ಯಾರೂ ಇಲ್ಲ."

ಅವನ ಕಿವಿಗೆ ಸುಣ್ಣದ ಬಿಳಿ ಅಂಟಿತ್ತು. ಒರೆಸಿಕೊಳ್ಳದೆ ಹೋದ.